ಸಾಲದ ಕಡತದಿಂದ ಸಾಲದ ನಿಯಮಕ್ಕೆ

ಬ್ಯಾಂಕ್ ಶಾಖೆಯ ಸಾಲ ಅಧಿಕಾರಿ ಒಂದೊಂದೇ ಕಡತ ಓದಿ ತೀರ್ಮಾನಿಸುತ್ತಾರೆ. ಆ್ಯಪ್ ಮೂಲಕ ಸಾಲ ಕೊಡುವ ಫಿನ್‌ಟೆಕ್ ಕಂಪನಿಯ ರಿಸ್ಕ್ ವಿಭಾಗದಲ್ಲಿ ಅದೇ ತೀರ್ಮಾನವನ್ನು ಸಾವಿರಾರು ಅರ್ಜಿಗಳಿಗೆ ಹೊಂದುವ ನಿಯಮವಾಗಿ ಬರೆಯಬೇಕು. ಶಾಖೆ ಬಿಟ್ಟು ಬೆಂಗಳೂರಿನ ಇಂಥ ಕಂಪನಿ ಸೇರುವವರು ಮುಖ್ಯವಾಗಿ ಕಲಿಯಬೇಕಾದದ್ದು ಇದನ್ನೇ.

ಕಿರಾಣಿ ಅಂಗಡಿಯವರೊಬ್ಬರು 3 ಲಕ್ಷ ರೂಪಾಯಿ ಸಾಲ ಕೇಳಿದ್ದಾರೆ ಎಂದಿಟ್ಟುಕೊಳ್ಳಬಹುದು. ಸ್ಟೇಟ್‌ಮೆಂಟಿನಲ್ಲಿ ತಿಂಗಳಿಗೆ 4 ಲಕ್ಷ ಜಮಾ ಕಾಣುತ್ತದೆ. ಪಳಗಿದ ಅಧಿಕಾರಿಯ ಬೆರಳು ನಿಲ್ಲುವುದು ಬೇರೆ ಸಾಲಿನ ಮೇಲೆ: ಬಂಧುವೊಬ್ಬರ ಖಾತೆಯಿಂದ ಬಂದ ಒಂದೂವರೆ ಲಕ್ಷ ಎರಡೇ ದಿನದಲ್ಲಿ ಅಲ್ಲಿಗೇ ಮರಳಿದೆ. ಅದು ವ್ಯಾಪಾರದ ದುಡ್ಡಲ್ಲ. ಹೆಚ್ಚು ಸಾಲ ಸಿಗಲೆಂದು ವಹಿವಾಟು ಉಬ್ಬಿಸಿ ತೋರಿಸಿರುವ ಸಾಧ್ಯತೆ ಇದೆ. ಲೆಕ್ಕಕ್ಕೆ ಹಿಡಿಯಬಹುದಾದದ್ದು ಎರಡೂವರೆ ಲಕ್ಷ ಮಾತ್ರ.

ಕಂಪ್ಯೂಟರಿಗೆ ಅನುಮಾನ ಅರ್ಥವಾಗುವುದಿಲ್ಲ. ಎಷ್ಟು ದಿನದೊಳಗೆ, ಎಷ್ಟು ಪಾಲು, ಯಾರ ಖಾತೆಗೆ ಎಂದು ಬಿಡಿಸಿ ಹೇಳಬೇಕು. ಜಮಾ ಆದ ಹಣದಲ್ಲಿ ಶೇ 90ಕ್ಕಿಂತ ಹೆಚ್ಚು ಮೂರು ದಿನದೊಳಗೆ ಕಳಿಸಿದವರಿಗೇ ಮರಳಿದ್ದರೆ ಆ ಜಮಾವನ್ನು ವಹಿವಾಟಿನಿಂದ ಕಳೆಯಬೇಕು, ಅರ್ಜಿಗೆ ಗುರುತು ಹಾಕಬೇಕು ಎಂಬುದು ಅಂಥ ಒಂದು ನಿಯಮ.

ಅದನ್ನು ಹಳೆಯ ಸಾಲಗಳ ಮೇಲೆ ಹಚ್ಚಿ ನೋಡುವಾಗ ಎಸ್‌ಕ್ಯುಎಲ್ ಬೇಕಾಗುತ್ತದೆ. ಉದಾಹರಣೆಗೆ, 1,000 ಹಳೆಯ ಸಾಲಗಳಲ್ಲಿ 60 ಸಾಲಗಳ ಕಂತು ಮೊದಲ ವರ್ಷದಲ್ಲೇ 90 ದಿನ ಮೀರಿ ಬಾಕಿ ಬಿದ್ದಿವೆ. ನಿಯಮ 120 ಸಾಲಗಳನ್ನು ಗುರುತಿಸಿದರೆ ಅವುಗಳಲ್ಲಿ ಕೆಟ್ಟವು 24, ಅಂದರೆ ಐದಕ್ಕೊಂದು. ಉಳಿದ 880ರಲ್ಲಿ ಕೆಟ್ಟವು 36, ನೂರಕ್ಕೆ ಸುಮಾರು ನಾಲ್ಕು. ನಿಯಮದಲ್ಲಿ ಹುರುಳಿದೆ. ಆದರೆ 120 ಮಂದಿಯನ್ನೂ ತಿರಸ್ಕರಿಸಿದರೆ ಸರಿಯಾಗಿ ಕಟ್ಟಿದ 96 ಮಂದಿಯ ಹೊಟ್ಟೆಯ ಮೇಲೆ ಹೊಡೆದಂತೆ. ಅವರಿಗೆ ಸಾಲದ ಮೊತ್ತ ಇಳಿಸಬೇಕೇ, ಜಿಎಸ್‌ಟಿ ರಿಟರ್ನ್ ಕೇಳಬೇಕೇ ಎಂಬಲ್ಲಿ ಪ್ರಾಡಕ್ಟ್ ವಿಭಾಗದ ಕೆಲಸ ಶುರುವಾಗುತ್ತದೆ. ಕೇಳುವ ದಾಖಲೆ ಹೆಚ್ಚಿದರೆ ಅರ್ಜಿಯನ್ನು ಅರ್ಧಕ್ಕೇ ಬಿಡುವವರೂ ಹೆಚ್ಚಬಹುದು; ಅದನ್ನೂ ಅಳೆಯಬೇಕು.

ಈ ಲೆಕ್ಕಕ್ಕೊಂದು ದೊಡ್ಡ ಕೊರತೆ ಇದೆ. ಹಳೆಯ ದತ್ತಾಂಶದಲ್ಲಿರುವುದು ಸಾಲ ಪಡೆದವರು ಮಾತ್ರ. ತಿರಸ್ಕೃತರು ಕಟ್ಟುತ್ತಿದ್ದರೋ ಇಲ್ಲವೋ ತಿಳಿಯದು. ಅಂಗಡಿಗೆ ಹೋದಾಗ ಕಣ್ಣಿಗೆ ಬೀಳುವ ಖಾಲಿ ಕಪಾಟು, ಧೂಳು ಹಿಡಿದ ಸರಕು ಸ್ಟೇಟ್‌ಮೆಂಟಿನಲ್ಲಿ ಇರುವುದಿಲ್ಲ. ಇದನ್ನು ಮೊದಲು ಗುರುತಿಸುವವರು ಶಾಖೆಯಲ್ಲಿ ದುಡಿದವರೇ.

ಶಾಖೆಯಲ್ಲಿ ಕಲಿತ ಕಾಯ್ದೆ-ಕಟ್ಟಳೆಯೂ ನೇರ ಉಪಯೋಗಕ್ಕೆ ಬರುತ್ತದೆ. ಡಿಜಿಟಲ್ ಸಾಲದ ಹಣ ಕೆಲವು ವಿನಾಯಿತಿ ಬಿಟ್ಟರೆ ನೇರವಾಗಿ ಸಾಲಗಾರರ ಖಾತೆಗೇ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ವಿಧಿಸಿತು. ಇದನ್ನು ಬಲ್ಲವರು ಆ್ಯಪ್‌ನ ನಕ್ಷೆ ಹಂತದಲ್ಲೇ ತಪ್ಪು ಹಿಡಿಯಬಲ್ಲರು.

ಬಯೋಡೇಟಾದಲ್ಲಿ ‘500 ಸಾಲ ಮಂಜೂರು’ ಎಂದಷ್ಟೇ ಬರೆದರೆ ಸಂದರ್ಶಕರಿಗೆ ಏನೂ ತಿಳಿಯುವುದಿಲ್ಲ. ಎಂಥ ಸಾಲ, ಎಷ್ಟು ಕೆಟ್ಟವು, ಯಾವ ಸುಳಿವು ಮೊದಲೇ ಕಂಡಿತ್ತು ಎಂಬುದು ಬೇಕು. ಅಭ್ಯಾಸಕ್ಕೆ ಗ್ರಾಹಕರ ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದ ಒಯ್ಯುವಂತಿಲ್ಲ, ಹೆಸರು ಅಳಿಸಿದರೂ ಸಹ. ಅಂಥದೇ ಕಾಲ್ಪನಿಕ ಖಾತೆಯನ್ನು ಎಕ್ಸೆಲ್‌ನಲ್ಲಿ ಕಟ್ಟಿಕೊಂಡರೆ ಸಾಕು.