ಪರದೆಯಲ್ಲಿ ಮೂಡಿದ ಅಕ್ಷರ ಪ್ರೋಗ್ರಾಮಿಗೆ ಮುಟ್ಟಿತೇ?

ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ತೆರೆದು `cat` ಎಂದು ಬರೆದು ಎಂಟರ್ ಒತ್ತಿ. ತನಗೆ ಬಂದದ್ದನ್ನೆಲ್ಲ ಹಾಗೆಯೇ ತಿರುಗಿ ಬರೆಯುವ ಪುಟ್ಟ ಪ್ರೋಗ್ರಾಮು ಇದು. ಈಗ `c` ಕೀ ಒತ್ತಿದರೆ ಪರದೆಯಲ್ಲಿ ಒಂದೇ `c` ಮೂಡುತ್ತದೆ. ಪ್ರೋಗ್ರಾಮಿಗೆ ಅದು ಮುಟ್ಟಿದ್ದರೆ ಎರಡು ಕಾಣಬೇಕಿತ್ತಲ್ಲ! ಹಾಗಾದರೆ ಈ ಒಂದನ್ನು ಬರೆದವರು ಯಾರು?

ಎಷ್ಟೋ ಲ್ಯಾಪ್‌ಟಾಪುಗಳ ಕೀಬೋರ್ಡು ಇಂದಿಗೂ ಹಳೆಯ ಪಿಎಸ್/2 ರೀತಿಯಲ್ಲೇ ಮಾತಾಡುತ್ತದೆ. ಕೀ ಒತ್ತಿದೊಡನೆ ಕಂಟ್ರೋಲರ್ ಚಿಪ್ಪು `0x2E` ಎಂಬ ಸಂಖ್ಯೆಯನ್ನು ಸಿದ್ಧವಾಗಿಟ್ಟು ಪ್ರೊಸೆಸರಿಗೆ ಇಂಟರಪ್ಟ್ ಕೊಡುತ್ತದೆ. ಪ್ರೊಸೆಸರು ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಕೀಬೋರ್ಡ್ ಡ್ರೈವರನ್ನು ಓಡಿಸುತ್ತದೆ. ಡ್ರೈವರು ಸಂಖ್ಯೆಯನ್ನು ಎತ್ತಿಕೊಂಡ ಮೇಲೆ ಹಳೆಯ ಕೆಲಸ ಮುಂದುವರಿಯುತ್ತದೆ. ಬೆರಳು ತೆಗೆದಾಗ `0xAE` ಬರುತ್ತದೆ, ಮತ್ತೊಂದು ಇಂಟರಪ್ಟ್. ಯುಎಸ್‌ಬಿ ಕೀಬೋರ್ಡಾದರೆ ಅದು ತಾನಾಗಿ ಕರೆಯುವುದಿಲ್ಲ. ಯುಎಸ್‌ಬಿ ಕಂಟ್ರೋಲರೇ ಮತ್ತೆ ಮತ್ತೆ ಕೇಳಿ, ಏನಾದರೂ ಸಿಕ್ಕಾಗ ಇಂಟರಪ್ಟ್ ಕೊಡುತ್ತದೆ.

ಈ ಸಂಖ್ಯೆಗೆ ಗೊತ್ತಿರುವುದು ಕೀಲಿಯ ಜಾಗ ಮಾತ್ರ. ಅದೇ ಕೀಲಿ ನುಡಿ ವಿನ್ಯಾಸದಲ್ಲಿ ‘ಚ’, ಇನ್‌ಸ್ಕ್ರಿಪ್ಟಿನಲ್ಲಿ ‘ಮ’. ಯಾವ ಅಕ್ಷರವೆಂದು ತೀರ್ಮಾನವಾಗುವುದು ಅದು ಟರ್ಮಿನಲ್ ಕಿಟಕಿಯನ್ನು ತಲುಪುವ ಹೊತ್ತಿಗೆ. ಆದರೆ ಟರ್ಮಿನಲ್ ಅದನ್ನು ನೇರವಾಗಿ ಪ್ರೋಗ್ರಾಮಿಗೆ ಕೊಡದೆ ಪುನಃ ಕರ್ನೆಲ್‌ಗೇ ಒಪ್ಪಿಸುತ್ತದೆ. ಅಲ್ಲಿ ಲೈನ್ ಡಿಸಿಪ್ಲಿನ್ ಎಂಬ ಭಾಗವಿದೆ. ಪರದೆಯಲ್ಲಿ ಆ ಒಂದು `c` ಮೂಡಿಸಿದ್ದು ಅದೇ. ನೀವು ಎಂಟರ್ ಒತ್ತುವವರೆಗೂ ಅದು ಸಾಲನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತೂ `cat` ನಿದ್ದೆಯಲ್ಲಿರುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿ ತಿದ್ದಿದ್ದು ಅದಕ್ಕೆ ತಿಳಿಯುವುದೇ ಇಲ್ಲ. `Ctrl+C` ಒತ್ತಿದರೂ ಆ ಅಕ್ಷರ ಪ್ರೋಗ್ರಾಮಿಗೆ ಹೋಗುವುದಿಲ್ಲ. ಲೈನ್ ಡಿಸಿಪ್ಲಿನ್ ಅದನ್ನು ನುಂಗಿ, ಬದಲಿಗೆ `SIGINT` ಎಂಬ ಸಂಕೇತ ಕಳಿಸುತ್ತದೆ. `cat` ಸಾಯುವುದು ಅದರಿಂದ.

ಪ್ರತಿ ಕೀಲಿಯೂ ತಕ್ಷಣ ಬೇಕೆನ್ನುವ `vim`ನಂಥ ಎಡಿಟರುಗಳು ಈ ವ್ಯವಸ್ಥೆಯನ್ನೇ ನಿಲ್ಲಿಸಿಡುತ್ತವೆ, ಹೊರಡುವಾಗ ಸರಿಪಡಿಸುತ್ತವೆ. ಸರಿಪಡಿಸುವ ಮೊದಲೇ ಅಂಥದ್ದೊಂದು ಪ್ರೋಗ್ರಾಮು ಸತ್ತರೆ, ಆಮೇಲೆ ಟೈಪ್ ಮಾಡಿದ್ದು ಕಾಣದೇ ಹೋಗಬಹುದು. ಕೀಬೋರ್ಡು ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಕಾಣದಿದ್ದರೂ `stty sane` ಎಂದು ಬರೆದು ಎಂಟರ್ ಒತ್ತಿದರೆ ಸಾಕು.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಯುಟಿಎಫ್-8ರಲ್ಲಿ ‘ಮ’ ಎಂದರೆ 3 ಬೈಟು. `iutf8` ಎಂಬ ಆಯ್ಕೆ ಆರಿಹೋಗಿದ್ದರೆ ಬ್ಯಾಕ್‌ಸ್ಪೇಸ್ ಅದರಲ್ಲಿ 1 ಬೈಟನ್ನಷ್ಟೇ ಅಳಿಸುತ್ತದೆ. ಪರದೆಯಲ್ಲಿ ಅಕ್ಷರ ಹೋದಂತೆ ಕಂಡರೂ ಉಳಿದ 2 ಬೈಟು ಪ್ರೋಗ್ರಾಮಿಗೆ ಹೋಗುತ್ತವೆ, ಮುಂದಿನ ಸಾಲಿನಲ್ಲಿ ಅರ್ಥವಿಲ್ಲದ ಗುರುತು ಬೀಳುತ್ತದೆ. `stty iutf8` ಎಂದು ಕೊಟ್ಟರೆ 3 ಬೈಟೂ ಒಟ್ಟಿಗೆ ಅಳಿಯುತ್ತವೆ. ಆಗಲೂ ‘ಮಾ’ ಅಳಿಸಲು ಎರಡು ಸಲ ಒತ್ತಬೇಕು, ಏಕೆಂದರೆ ಅಕ್ಷರಕ್ಕೂ ದೀರ್ಘಕ್ಕೂ ಕರ್ನೆಲ್ ಬೇರೆ ಬೇರೆ ಲೆಕ್ಕ ಇಡುತ್ತದೆ.