ಯಂತ್ರದ ಬೆಲೆಗೊಂದು ನ್ಯಾಯ, ನೂಲಿನ ಬೆಲೆಗೊಂದು ನ್ಯಾಯ

ಲೆಕ್ಕಪತ್ರದಲ್ಲಿ ಒಂದು ವಸ್ತುವಿಗೆ ಎಷ್ಟು ಬೆಲೆ ಬರೆಯಬೇಕು ಎಂಬುದು ಆ ವಸ್ತುವನ್ನು ಯಾವುದಕ್ಕಾಗಿ ಇಟ್ಟುಕೊಂಡಿದೆ ಎಂಬುದರ ಮೇಲೆ ನಿಂತಿದೆ. ಬಳಸಲು ಇಟ್ಟುಕೊಂಡ ಯಂತ್ರಕ್ಕೂ ಮಾರಲು ಇಟ್ಟುಕೊಂಡ ಸರಕಿಗೂ ಲೆಕ್ಕಿಗರು ಒಂದೇ ಅಳತೆಗೋಲು ಹಿಡಿಯುವುದಿಲ್ಲ. ಇದರ ಹಿಂದೆ ಎರಡು ತತ್ವಗಳಿವೆ. ಉದ್ಯಮ ಸದ್ಯಕ್ಕೆ ಮುಚ್ಚುವುದಿಲ್ಲ, ನಡೆದುಕೊಂಡು ಹೋಗುತ್ತದೆ ಎಂದು ನಂಬಿ ಲೆಕ್ಕ ಬರೆಯುವುದು ಮುಂದುವರಿಯುವ ವ್ಯವಹಾರದ ತತ್ವ. ಬರಬಹುದಾದ ನಷ್ಟವನ್ನು ಮೊದಲೇ ಲೆಕ್ಕಕ್ಕೆ ತಂದು, ಲಾಭವನ್ನು ಕೈಗೆ ಸಿಗುವುದು ಖಚಿತವಾಗುವ ತನಕ ಬರೆಯದಿರುವುದು ಎರಡನೆಯದು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಂಪ್ರದಾಯವಾದ ಎಂಬ ಹೆಸರೂ ಉಂಟು; ಎಚ್ಚರಿಕೆಯ ತತ್ವ ಎಂದರೆ ಅರ್ಥ ಇನ್ನೂ ನೇರವಾಗಿ ತಿಳಿಯುತ್ತದೆ.

ರೇಷ್ಮೆಗೂಡಿನಿಂದ ನೂಲು ತೆಗೆಯುವ ಒಂದು ಸಣ್ಣ ಖಾಸಗಿ ಕಂಪನಿಯನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಅದು 40 ಲಕ್ಷ ರೂಪಾಯಿ ಕೊಟ್ಟು ರೀಲಿಂಗ್ ಯಂತ್ರ ಕೊಂಡಿದೆ. ಯಂತ್ರ 10 ವರ್ಷ ದುಡಿಯುತ್ತದೆ, ಕೊನೆಗೆ ಅದಕ್ಕೆ ಬೆಲೆ ಉಳಿಯುವುದಿಲ್ಲ ಎಂಬ ಅಂದಾಜಿನಲ್ಲಿ ವರ್ಷಕ್ಕೆ 4 ಲಕ್ಷ ಸವಕಳಿ ಬರೆಯಲಾಗುತ್ತದೆ. ಮೂರು ವರ್ಷ ಕಳೆದಾಗ ಪುಸ್ತಕದಲ್ಲಿ ಉಳಿಯುವ ಮೌಲ್ಯ 28 ಲಕ್ಷ. ಅದೇ ದಿನ ಯಂತ್ರವನ್ನು ಬಿಚ್ಚಿ ಮಾರಿದರೆ 15 ಲಕ್ಷವಷ್ಟೇ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಆದರೂ ಲೆಕ್ಕಿಗರು 28 ಲಕ್ಷವನ್ನೇ ಬರೆಯುತ್ತಾರೆ, ಏಕೆಂದರೆ ಯಂತ್ರ ಮಾರಾಟಕ್ಕಿಲ್ಲ. ಇನ್ನೂ ಏಳು ವರ್ಷ ನೂಲು ತೆಗೆಯಲಿಕ್ಕಿದೆ. ಕೊಂಡ ಬೆಲೆಯನ್ನು ವರ್ಷವರ್ಷಕ್ಕೆ ಹಂಚುವ ಸವಕಳಿಗೆ ಅರ್ಥವಿರುವುದೇ ಆ ವರ್ಷಗಳು ಬರುತ್ತವೆ ಎಂಬ ನಂಬಿಕೆಯಿಂದ.

ಗೋದಾಮಿನಲ್ಲಿರುವ ನೂಲಿನ ಕಥೆ ಬೇರೆ. ವರ್ಷದ ಕೊನೆಗೆ 200 ಕಿಲೋ ನೂಲು ಉಳಿದಿದೆ. ತಯಾರಿಸಲು ಕಿಲೋಗೆ 4,500 ರೂಪಾಯಿಯಂತೆ 9 ಲಕ್ಷ ತಗುಲಿದೆ. ಮಾರುಕಟ್ಟೆಯ ಬೆಲೆ 4,000ಕ್ಕೆ ಇಳಿದು, ಮಾರಾಟದ ಖರ್ಚು 100 ರೂಪಾಯಿ ಬಂದರೆ ಕೈಗೆ ಸಿಗುವುದು ಕಿಲೋಗೆ 3,900. ಆಗ ದಾಸ್ತಾನನ್ನು 7.8 ಲಕ್ಷಕ್ಕೆ ಇಳಿಸಬೇಕು. ಒಂದು ಎಳೆ ನೂಲೂ ಮಾರಾಟವಾಗದಿದ್ದರೂ 1.2 ಲಕ್ಷದ ನಷ್ಟ ಈ ವರ್ಷದ ಲೆಕ್ಕಕ್ಕೇ ಬರುತ್ತದೆ. ಬೆಲೆ 5,200ಕ್ಕೆ ಏರಿದ್ದರೆ? ದಾಸ್ತಾನು 9 ಲಕ್ಷದಲ್ಲೇ ಉಳಿಯುತ್ತಿತ್ತು. ತಗುಲಿದ ವೆಚ್ಚ, ಮಾರಿದರೆ ಸಿಗುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯದನ್ನು ಬರೆಯಬೇಕೆಂಬುದು ನಿಯಮ.

ವ್ಯಾಜ್ಯಗಳಲ್ಲೂ ಇದೇ ಓರೆ ಕಾಣುತ್ತದೆ. ಕಂಪನಿ ಸೋಲುವ ಸಂಭವವೇ ಹೆಚ್ಚಿರುವ ದಾವೆಗೆ, ಮೊತ್ತವನ್ನು ಅಂದಾಜು ಮಾಡಲು ಸಾಧ್ಯವಿದ್ದರೆ, ತೀರ್ಪಿಗೆ ಮೊದಲೇ ಹಣ ತೆಗೆದಿರಿಸಿದಂತೆ ಲೆಕ್ಕ ಬರೆಯಬೇಕು. ಗೆಲ್ಲುವ ಸಂಭವ ಹೆಚ್ಚಿರುವ ದಾವೆಯ ಹಣವನ್ನು ಮಾತ್ರ ಬರೆಯುವಂತಿಲ್ಲ.

ಈ ಎಚ್ಚರಿಕೆ ಅತಿಯಾದರೆ ಅದೂ ಸುಳ್ಳು ಲೆಕ್ಕವೇ. 7.8 ಲಕ್ಷದ ನೂಲನ್ನು 5 ಲಕ್ಷವೆಂದು ಬರೆದರೆ ಈ ವರ್ಷದ ಲಾಭ 2.8 ಲಕ್ಷ ಕುಗ್ಗುತ್ತದೆ; ಮುಂದಿನ ವರ್ಷ ಅದೇ ನೂಲು 7.8 ಲಕ್ಷಕ್ಕೆ ಮಾರಾಟವಾದಾಗ ಅಷ್ಟೇ ಮೊತ್ತ ಹೊಸ ಲಾಭದಂತೆ ಮೇಲೇಳುತ್ತದೆ. ಒಳ್ಳೆಯ ವರ್ಷದ ಲಾಭವನ್ನು ಬಚ್ಚಿಟ್ಟು ಕೆಟ್ಟ ವರ್ಷದಲ್ಲಿ ತೋರಿಸಲು ಇದು ಸುಲಭದ ದಾರಿ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿ 2010ರಲ್ಲಿ ತನ್ನ ಮೂಲ ಚೌಕಟ್ಟಿನಿಂದ ಎಚ್ಚರಿಕೆ ಎಂಬ ಪದವನ್ನೇ ಕೈಬಿಟ್ಟಿತು. 2018ರಲ್ಲಿ ಅದನ್ನು ಮರಳಿ ತಂದಾಗ, ಆಸ್ತಿಯನ್ನು ಹಿಗ್ಗಿಸಿ ಬರೆಯುವುದು ಎಷ್ಟು ತಪ್ಪೋ ಕುಗ್ಗಿಸಿ ಬರೆಯುವುದೂ ಅಷ್ಟೇ ತಪ್ಪು ಎಂದು ಸ್ಪಷ್ಟಪಡಿಸಿತು.

ಎರಡು ತತ್ವಗಳೂ ಮುಖಾಮುಖಿಯಾಗುವುದು ಉದ್ಯಮ ಸೊರಗಿದಾಗ. ನೂಲಿಗೆ ಬೇಡಿಕೆ ಕುಸಿದು, ಯಂತ್ರ ಉಳಿದ ಆಯುಸ್ಸಿನಲ್ಲಿ ದುಡಿದುಕೊಡುವ ಹಣದ ಇಂದಿನ ಮೌಲ್ಯ 20 ಲಕ್ಷ ಮಾತ್ರ ಎಂದಾದರೆ, 28 ಲಕ್ಷವನ್ನು ಹಾಗೇ ಬಿಡುವಂತಿಲ್ಲ. 20 ಲಕ್ಷಕ್ಕೆ ಇಳಿಸಬೇಕು. ಆದರೆ 15 ಲಕ್ಷಕ್ಕೆ ಇಳಿಸಬೇಕಿಲ್ಲ, ಏಕೆಂದರೆ ಮಾರುವುದಕ್ಕಿಂತ ಬಳಸುವುದೇ ಲಾಭಕರ.

ಇನ್ನೂ ಮುಂದೆ ಹೋಗಿ ಕಂಪನಿಯನ್ನು ಮುಚ್ಚುವುದೇ ನಿಶ್ಚಯವಾದರೆ ಅಳತೆಗೋಲೇ ಬದಲಾಗುತ್ತದೆ. ಯಂತ್ರ 15 ಲಕ್ಷಕ್ಕೆ ಇಳಿಯುತ್ತದೆ. ಕಾರ್ಮಿಕರಿಗೆ ಕೊಡಬೇಕಾದ ಪರಿಹಾರದಂತಹ ಹೊಸ ಹೊಣೆಗಳು ಸೇರುತ್ತವೆ. ಸಾಲದ ಕಂತು ತಪ್ಪುವುದು, ವರ್ಷದಿಂದ ವರ್ಷಕ್ಕೆ ನಷ್ಟ, ಆಸ್ತಿಗಿಂತ ಹೊಣೆ ಹೆಚ್ಚಾಗುವುದು, ಸರಕು ಕೊಡುವವರು ಉದ್ದರಿ ನಿಲ್ಲಿಸಿ ನಗದು ಕೇಳುವುದು ಇದರ ಮುನ್ಸೂಚನೆಗಳು. ಇವುಗಳನ್ನು ಕಂಡಾಗ ಲೆಕ್ಕಪರಿಶೋಧಕರು ಆಡಳಿತ ಮಂಡಳಿಯ ಮಾತನ್ನಷ್ಟೇ ನಂಬದೆ, ಕನಿಷ್ಠ 12 ತಿಂಗಳ ಮುನ್ನೋಟವನ್ನು ಪರೀಕ್ಷಿಸಬೇಕಾಗುತ್ತದೆ.

ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ 1979ರಲ್ಲಿ ಹೊರಡಿಸಿದ ಮೊದಲ ಲೆಕ್ಕಪತ್ರ ಮಾನದಂಡದ ಪ್ರಕಾರ, ವ್ಯವಹಾರ ಮುಂದುವರಿಯುತ್ತದೆ ಎಂಬ ನಂಬಿಕೆಯನ್ನು ಲೆಕ್ಕದಲ್ಲಿ ಬರೆದು ಹೇಳಬೇಕಿಲ್ಲ. ಆ ನಂಬಿಕೆಯನ್ನು ಅನುಸರಿಸದೆ ಲೆಕ್ಕ ತಯಾರಿಸಿದಾಗ ಮಾತ್ರ ಅದನ್ನು ಬಹಿರಂಗಪಡಿಸುವುದು ಕಡ್ಡಾಯ.