ಬೀಗರ ಹೆಸರು ಎಷ್ಟು ಪಾಯಿಂಟ್?

ನ್ಯೂಜೆರ್ಸಿಯಲ್ಲಿ ಅಕ್ಕನ ಮಗಳ ಆರತಕ್ಷತೆ. ಹನ್ನೆರಡು ದುಂಡು ಮೇಜು, ಮೇಜಿಗೆ ಎಂಟು ಜನ, ಒಟ್ಟು 96 ಮಂದಿ. ತಟ್ಟೆಯ ಮುಂದೆ ಮಡಚಿ ನಿಲ್ಲಿಸುವ ಕಾರ್ಡಿನಲ್ಲಿ ಕನ್ನಡದಲ್ಲೇ ಹೆಸರು ಇರಬೇಕೆಂದು ಅಕ್ಕನ ಆಸೆ. ಆ ಕೆಲಸ ನನಗೆ ಬಂತು.

ಮೂರೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದದ ಚೀಟಿಯನ್ನು ನಡುವೆ ಮಡಚಿದರೆ ಎರಡು ಇಂಚು ಎತ್ತರದ ಕಾರ್ಡು ನಿಲ್ಲುತ್ತದೆ. ಅಲ್ಲಿಯ ಲೆಟರ್ ಅಳತೆಯ ಹಾಳೆಯನ್ನು ಅಡ್ಡ ಇಟ್ಟರೆ ಸಾಲಿಗೆ ಮೂರರಂತೆ ಆರು ಕಾರ್ಡು. 16 ಹಾಳೆ ಸಾಕು. ಕೆಟ್ಟರೆ ಇರಲಿ ಎಂದು ಎರಡು ಹೆಚ್ಚಿಗೆ ತಂದೆ.

ಮೊದಲ ಸಲ ಅಕ್ಷರದ ಗಾತ್ರವನ್ನು ಕಂಪ್ಯೂಟರಿಗೇ ಬಿಟ್ಟಿದ್ದೆ. ಜಾಗ ಸಾಲದ ಕಡೆ ಅದು ತಾನೇ ಕುಗ್ಗಿಸುತ್ತದೆ. ಮುದ್ರಿಸಿದ ಹಾಳೆ ನೋಡಿ ಅಕ್ಕ ಗಾಬರಿಯಾದಳು: "ಬೀಗರ ಹೆಸರೇ ಎಲ್ಲಕ್ಕಿಂತ ಚಿಕ್ಕದಾಗಿದೆಯಲ್ಲೋ!" ರವಿ ಎಂಬ ಹುಡುಗನ ಹೆಸರು 36 ಪಾಯಿಂಟ್, ಮೂರು ಪದಗಳ ಬೀಗರ ಹೆಸರು 14. ಅಕ್ಕನ ಮಾತು ಸರಿ. ಒಂದೇ ಮೇಜಿನಲ್ಲಿ ಕೂರುವವರ ಹೆಸರು ಒಂದೇ ಗಾತ್ರದಲ್ಲಿರಬೇಕು. ಆ ಗಾತ್ರವನ್ನು ಎಲ್ಲಕ್ಕಿಂತ ಅಗಲವಾದ ಹೆಸರೇ ತೀರ್ಮಾನಿಸಬೇಕು.

ಅಗಲವಾದ ಹೆಸರು ಯಾವುದೆಂದು ಎಕ್ಸೆಲ್‌ನಲ್ಲಿ `LEN` ಹಾಕಿ ಎಣಿಸಿದರೆ ಮೋಸ ಹೋಗುತ್ತೀರಿ. ಲಕ್ಷ್ಮಿಗೆ ಅದು 7 ಎನ್ನುತ್ತದೆ, ಮಾಯಾಗೆ 4. ಕಾಗದದ ಮೇಲೆ ಮಾಯಾ ಏನೂ ಕಡಿಮೆ ಜಾಗ ಹಿಡಿಯುವುದಿಲ್ಲ. ಲಕ್ಷ್ಮಿಯ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಮಾಯಾ ಪಕ್ಕಕ್ಕೆ ಹರಡುತ್ತಾಳೆ. ಹಾಗಾಗಿ ಎಲ್ಲ ಹೆಸರನ್ನೂ ಒಂದೇ ಫಾಂಟಿನಲ್ಲಿ, 24 ಪಾಯಿಂಟಿನಲ್ಲಿ, ಎಡಕ್ಕೆ ಹೊಂದಿಸಿ ಒಂದರ ಕೆಳಗೊಂದು ಮುದ್ರಿಸಿದೆ. ಬಲಕ್ಕೆ ಹೆಚ್ಚು ಚಾಚಿದ್ದು ಬೀಗರ ಹೆಸರೇ. ಸ್ಕೇಲಿಟ್ಟರೆ 3.6 ಇಂಚು. ಎರಡೂ ಅಂಚಿನಲ್ಲಿ ಕಾಲಿಂಚು ಬಿಟ್ಟರೆ ಕಾರ್ಡಿನಲ್ಲಿ ಉಳಿಯುವುದು ಮೂರು ಇಂಚು. 24ನ್ನು 3ರಿಂದ ಗುಣಿಸಿ 3.6ರಿಂದ ಭಾಗಿಸಿದರೆ 20. ಎಲ್ಲರಿಗೂ 20 ಪಾಯಿಂಟ್. ಲೆಕ್ಕ 16ಕ್ಕಿಂತ ಕೆಳಗಿಳಿದಿದ್ದರೆ ಆ ಹೆಸರನ್ನು ಎರಡು ಸಾಲು ಮಾಡುತ್ತಿದ್ದೆ, ಪದ ಮುಗಿಯುವಲ್ಲಿ ಮುರಿದು.

ಒತ್ತಿಗೂ ಜಾಗ ಬೇಕು. ವರ್ಡ್‌ನಲ್ಲಿ ಸಾಲಿನ ಅಂತರವನ್ನು `Exactly` ಎಂದು ಬಿಗಿ ಮಾಡಿದರೆ ಅಕ್ಷರದ ತುದಿ ಕತ್ತರಿಸಿಹೋಗಬಹುದು. ಲಕ್ಷ್ಮಿ, ಕೀರ್ತಿ ಎರಡನ್ನೂ ಮೊದಲು ಮುದ್ರಿಸಿ ನೋಡಿ. ಒತ್ತು, ಗುಡಿಸು, ಅರ್ಕಾವತ್ತು ಮೂರೂ ಅಲ್ಲೇ ಪರೀಕ್ಷೆಯಾಗುತ್ತವೆ. ಮುದ್ರಿಸುವಾಗ `Fit` ಬೇಡ, `Actual size` ಇರಲಿ. ಇಲ್ಲದಿದ್ದರೆ ಹಾಳೆಯೇ ಕುಗ್ಗಿ ಮಡಿಕೆಯ ಗೆರೆ ತಪ್ಪುತ್ತದೆ. ದಪ್ಪ ಕಾಗದ ಮಡಿಕೆಯಲ್ಲಿ ಬಿರಿಯದಂತೆ, ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿನಗುಂಟ ಗೆರೆ ಒತ್ತಿ ಆಮೇಲೆ ಮಡಚಿದೆ.

ಬಾಗಿಲ ಬಳಿಯ ಫಲಕದಲ್ಲಿ ಮೇಜುವಾರು ಬರೆಯಲಿಲ್ಲ. ತನ್ನ ಮೇಜು ಗೊತ್ತಿಲ್ಲದವರು ಹನ್ನೆರಡೂ ಪಟ್ಟಿ ಓದಬೇಕಾಗುತ್ತದೆ. ಹೆಸರನ್ನು ಅಕಾರಾದಿಯಾಗಿ ಜೋಡಿಸಿ, ಎದುರಿಗೆ ಮೇಜಿನ ಸಂಖ್ಯೆ ಹಾಕಿದೆ. ಇನಿಶಿಯಲ್ ಹೆಸರಿನ ಹಿಂದಕ್ಕೆ ಹೋಯಿತು. ಇಲ್ಲದಿದ್ದರೆ ಎಸ್., ಎನ್., ಎಂ. ಇರುವವರೆಲ್ಲ ಎಕಾರದಲ್ಲೇ ಗುಂಪುಗೂಡಿ, ರಾಮಚಂದ್ರ ತನ್ನನ್ನು 'ರ'ದಲ್ಲಿ ಹುಡುಕುತ್ತ ನಿಲ್ಲುತ್ತಿದ್ದ.